ಕೀಬೋರ್ಡ್ ಬಿಡಬೇಕಾ, ಅಕ್ಕಿ ಮೂಟೆ ಬಿಡಬೇಕಾ? ಟೆನಿಸ್ ಎಲ್ಬೋ ಬಗ್ಗೆ ಒಂದು ಉತ್ತರ

*ಪ್ರಶ್ನೆ:* ಮೇಡಂ, ನನಗೆ 43 ವರ್ಷ, ಊರು ದಾವಣಗೆರೆ. ಹಗಲು ಆಡಿಟರ್ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ ಟೈಪಿಂಗ್, ಸಂಜೆ ನಮ್ಮದೇ ಕಿರಾಣಿ ಅಂಗಡಿ. ಗಣೇಶನ ಹಬ್ಬಕ್ಕೆ ಮುಂಚೆ ಕೆಲಸದ ಹುಡುಗ ಬಿಟ್ಟುಹೋದ. ಆಮೇಲೆ 26 ಕೆಜಿ ಅಕ್ಕಿ ಮೂಟೆಗಳನ್ನೆಲ್ಲ ನಾನೇ ಇಳಿಸುತ್ತಿದ್ದೇನೆ. ಮೂರು ತಿಂಗಳಿಂದ ಬಲ ಮೊಣಕೈ ಹೊರಗಡೆ ನೋವು. ಟೀ ಲೋಟ ಎತ್ತಿದರೂ ಚುಚ್ಚುತ್ತದೆ. ಎಕ್ಸ್‌ರೇ ನಾರ್ಮಲ್. ಮೂರು ವಾರ ಬ್ಯಾಂಡೇಜ್ ಸುತ್ತಿ ರೆಸ್ಟ್ ಮಾಡಿದೆ, ಕಡಿಮೆಯಾಯ್ತು. ಮತ್ತೆ ಮೂಟೆ ಮುಟ್ಟಿದ ದಿನವೇ ವಾಪಸ್ ಬಂತು. ಡಾಕ್ಟ್ರು ಟೆನಿಸ್ ಎಲ್ಬೋ ಅಂದ್ರು, ಇಂಜೆಕ್ಷನ್ ಕೊಡೋಣ ಅಂದ್ರು. ನಾನು ಜನ್ಮದಲ್ಲಿ ಟೆನಿಸ್ ಆಡಿದವನಲ್ಲ. ಶುಗರ್‌ಗೆ ಮಾತ್ರೆ ತಗೋತೀನಿ. ಟೈಪಿಂಗ್ ಬಿಡಬೇಕಾ, ಮೂಟೆ ಬಿಡಬೇಕಾ, ಇಂಜೆಕ್ಷನ್ ತಗೊಳ್ಳಲಾ?

*ಉತ್ತರ:* ಎರಡೂ ಕೆಲಸ ಪೂರ್ತಿ ಬಿಡುವ ಅಗತ್ಯ ಇಲ್ಲ. ಆದರೆ ಮೂಟೆ ಹಿಡಿಯುವ ರೀತಿ ಇವತ್ತಿನಿಂದಲೇ ಬದಲಾಗಬೇಕು. ಇಂಜೆಕ್ಷನ್ ಸದ್ಯಕ್ಕೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಮೊದಲು ಇದು ಅದೇನಾ ಅಂತ ನೀವೇ ಒಂದು ಸಲ ನೋಡಿಕೊಳ್ಳಿ. ಮೊಣಕೈ ಹೊರಬದಿಯಲ್ಲಿ ಒಂದು ಮೂಳೆಯ ಗುಬುಟು ಸಿಗುತ್ತದೆ. ಅದರ ಮೇಲೆ, ಅಥವಾ ಅದಕ್ಕೆ ಅಂಟಿಕೊಂಡಂತೆ ಸ್ವಲ್ಪ ಮುಂದೆ, ಬೆರಳಿನಿಂದ ಒತ್ತಿದರೆ ನಿಮ್ಮ ನೋವು ಸಿಗಬೇಕು. ಆಮೇಲೆ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಬೆನ್ನಿನ ಕಡೆಯಿಂದ ಹಿಡಿದು, ಅಂಗೈ ಕೆಳಗೆ ಮಾಡಿ, ಮೊಣಕೈ ನೇರ ಇಟ್ಟು ಎತ್ತಿ. ಚುಚ್ಚುತ್ತದೆ. ಅದೇ ಕುರ್ಚಿಯನ್ನು ಅಂಗೈ ಮೇಲೆ ಮಾಡಿ, ಮೊಣಕೈ ಮಡಚಿ ಎತ್ತಿ. ಹೆಚ್ಚಿನವರಿಗೆ ಆಗ ನೋವು ಅರ್ಧಕ್ಕಿಂತ ಕಡಿಮೆ. ಈ ವ್ಯತ್ಯಾಸ ಸಿಕ್ಕಿತು ಅಂದ್ರೆ ನಿಮ್ಮ ಡಾಕ್ಟರ್ ಹೇಳಿದ್ದು ಬಹುತೇಕ ಸರಿ. ಚಿಕಿತ್ಸೆಯ ಅರ್ಧ ಗುಟ್ಟೂ ಅದರಲ್ಲೇ ಇದೆ.

ಎಕ್ಸ್‌ರೇ ನಾರ್ಮಲ್ ಬಂದಿದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ನಿಮ್ಮ ತೊಂದರೆ ಇರುವುದು ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಟೆಂಡನ್‌ನಲ್ಲಿ. ಟೆನಿಸ್ ಅನ್ನೋ ಹೆಸರು 1880ರ ದಶಕದ ಇಂಗ್ಲೆಂಡಿನಲ್ಲಿ ಅಂಟಿಕೊಂಡದ್ದು. ಅದಕ್ಕೂ ಮುಂಚೆ, 1873ರಲ್ಲೇ, ಜರ್ಮನಿಯ ಒಬ್ಬ ವೈದ್ಯರು ಇದೇ ನೋವನ್ನು ಬರೆಯುವ ಕೆಲಸದವರ ತೊಂದರೆ ಅಂತ ದಾಖಲಿಸಿದ್ದರು. ಹಾಗಾಗಿ ಬರವಣಿಗೆಯವರ ನೋವು ಅಂದರೂ ನಡೆಯುತ್ತಿತ್ತು. ನನ್ನ ಹತ್ತಿರ ಬರುವವರಲ್ಲಿ ರ‍್ಯಾಕೆಟ್ ಹಿಡಿದವರು ಅಪರೂಪ. ಟೈಲರ್, ಪ್ಲಂಬರ್, ಅಡುಗೆಯವರು, ಬ್ಯಾಂಕಿನವರು, ಇವರೇ ಜಾಸ್ತಿ. ವಯಸ್ಸೂ ಸಾಮಾನ್ಯವಾಗಿ 35ರಿಂದ 55ರ ಒಳಗೆ.

ಈಗ ಕಾರಣ. ಎಡಗೈಯಿಂದ ನಿಮ್ಮ ಬಲ ಮುಂಗೈಯ ಮೇಲ್ಭಾಗವನ್ನು, ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ, ಹಿಡಿದುಕೊಳ್ಳಿ. ಬಲಗೈ ಮುಷ್ಟಿಯನ್ನು ಗಟ್ಟಿಯಾಗಿ ಬಿಗಿಯಿರಿ. ಎಡಗೈ ಕೆಳಗೆ ಮಾಂಸ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಅಲ್ವಾ? ಮುಷ್ಟಿ ಮಡಚುವ ಸ್ನಾಯುಗಳು ಇರುವುದು ಮುಂಗೈಯ ಒಳಬದಿಯಲ್ಲಿ. ಮೇಲಿನವು ಯಾಕೆ ಬಿಗಿಯುತ್ತವೆ? ಬೆರಳು ಮಡಚುವಾಗ ಮಣಿಕಟ್ಟೂ ಒಳಕ್ಕೆ ಮಡಚಿಕೊಳ್ಳಲು ನೋಡುತ್ತದೆ. ಅದನ್ನು ತಡೆದು ನೇರ ಹಿಡಿಯುವುದು ಈ ಮೇಲಿನ ಸ್ನಾಯುಗಳ ಕೆಲಸ. ಅವೆಲ್ಲ ಹೋಗಿ ಅಂಟಿಕೊಳ್ಳುವುದು ಮೊಣಕೈಯ ಆ ಗುಬುಟಿಗೆ. ಅಂದರೆ ನೀವು ಏನನ್ನೇ ಹಿಡಿದರೂ, ಅದು ಟೀ ಲೋಟವಾಗಲಿ, ಅಂಗಡಿ ಶಟರ್ ಆಗಲಿ, ಮೂಟೆಯ ಕಿವಿಯಾಗಲಿ, ಎಳೆತ ಆ ಸಣ್ಣ ಜಾಗದ ಮೇಲೆ ಬೀಳುತ್ತದೆ. ಅಂಗೈ ಕೆಳಮುಖವಾಗಿ, ಮೊಣಕೈ ನೇರವಾಗಿ ಇದ್ದರೆ ಆ ಎಳೆತ ಅತಿ ಹೆಚ್ಚು.

ದಿನಾ ಮಾಡುವ ಕೆಲಸಕ್ಕೆ ಟೆಂಡನ್ ಹೊಂದಿಕೊಂಡಿರುತ್ತದೆ. ಇದ್ದಕ್ಕಿದ್ದಂತೆ ಕೆಲಸ ಎರಡು ಮೂರು ಪಟ್ಟು ಆದರೆ ತಡೆಯುವುದಿಲ್ಲ. ನಿಮ್ಮ ಹುಡುಗ ಬಿಟ್ಟುಹೋದ ವಾರ ಆದದ್ದು ಅದೇ. ಹಬ್ಬದ ಸ್ಟಾಕು, ಹೊಸ ಮೂಟೆ ಕೆಲಸ, ಮೇಲೆ ತಿಂಗಳ 11 ಮತ್ತು 20ನೇ ತಾರೀಖಿನ ರಿಟರ್ನ್ ಗಡಿಬಿಡಿ, ಮೂರೂ ಒಟ್ಟಿಗೆ ಬಿದ್ದವು. ಹಳೆಯದಾದ ಟೆನಿಸ್ ಎಲ್ಬೋದಲ್ಲಿ ಉರಿಯೂತಕ್ಕಿಂತ ಮುಖ್ಯವಾಗಿ ಕಾಣುವುದು ಟೆಂಡನ್‌ನ ನಾರುಗಳ ಜೋಡಣೆ ಕೆಟ್ಟಿರುವುದು. ಸುಮ್ನೆ ನೋವಿನ ಮಾತ್ರೆ ನುಂಗಿದರೆ ಅದು ಸರಿಹೋಗುವುದಿಲ್ಲ. ಶುಗರ್ ಇರುವವರಲ್ಲಿ ಈ ರಿಪೇರಿ ಸ್ವಲ್ಪ ನಿಧಾನ, ಆದ್ದರಿಂದ ಶುಗರ್ ಹಿಡಿತದಲ್ಲಿರುವುದೂ ಚಿಕಿತ್ಸೆಯ ಭಾಗವೇ.

ಹಾಗಾದರೆ ಟೈಪಿಂಗ್ ತಪ್ಪಿತಸ್ಥನಾ? ನಿಮ್ಮ ವಿಷಯದಲ್ಲಿ ಪಾಲುದಾರ ಮಾತ್ರ. ಕೀ ಒತ್ತಲು ಬೇಕಾದ ಬಲ ತೀರಾ ಕಡಿಮೆ. ತೊಂದರೆ ಕೊಡುವುದು ಮೌಸ್. ಅಂಕಿ ಕೀಗಳಿರುವ ಅಗಲ ಕೀಬೋರ್ಡ್‌ನ ಆಚೆ ಮೌಸ್ ಇಟ್ಟುಕೊಂಡು, ಕೈ ಚಾಚಿ, ಮಣಿಕಟ್ಟು ಮೇಲಕ್ಕೆ ಬಾಗಿಸಿ, ಕ್ಲಿಕ್ ಮಾಡದಿದ್ದಾಗಲೂ ತೋರುಬೆರಳನ್ನು ಅರ್ಧ ಎತ್ತಿಯೇ ಹಿಡಿದಿರುತ್ತೇವೆ. ಅಷ್ಟು ಹೊತ್ತೂ ಅದೇ ಸ್ನಾಯುಗಳು ದುಡಿಯುತ್ತಿರುತ್ತವೆ. ಹಗಲೆಲ್ಲ ಹೀಗೆ ದಣಿದ ಸ್ನಾಯುವಿಗೆ ಸಂಜೆ ನೀವು 26 ಕೆಜಿ ಕೊಡುತ್ತಿದ್ದೀರಿ. ಮೇಜಿನ ಮೇಲೆ ಮಾಡಬೇಕಾದ ಬದಲಾವಣೆ ಸಣ್ಣದು. ಮೊಣಕೈ ಪಕ್ಕೆಗೆ ತಾಗುವಷ್ಟು ಹತ್ತಿರಕ್ಕೆ ಮೌಸ್ ತನ್ನಿ. ಇಡೀ ಮುಂಗೈ ಮೇಜಿನ ಮೇಲೆ ಒರಗಿರಲಿ. ಕೀಬೋರ್ಡ್ ಹಿಂದಿನ ಸಣ್ಣ ಕಾಲುಗಳನ್ನು ಮಡಚಿಬಿಡಿ, ಅವು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುತ್ತವೆ. ಒಂದು ತಿಂಗಳು ಮೌಸ್ ಎಡಗೈಗೆ ಕೊಡಿ. ಮೊದಲ ಮೂರು ದಿನ ಸಿಟ್ಟು ಬರುತ್ತದೆ, ಆಮೇಲೆ ರೂಢಿಯಾಗುತ್ತದೆ. ದುಬಾರಿ ಮೌಸ್, ಜೆಲ್ ಪ್ಯಾಡ್ ಏನೂ ಬೇಕಾಗಿಲ್ಲ.

ದೊಡ್ಡ ಲಾಭ ಇರುವುದು ಮೂಟೆಯಲ್ಲಿ. ಎರಡೂ ಕಿವಿ ಹಿಡಿದು, ಅಂಗೈ ಕೆಳಗೆ ಮಾಡಿ, ಅಟ್ಟಿಯಿಂದ ಮೂಟೆ ಎಳೆಯುತ್ತೀರಿ ಅಂತ ನನ್ನ ಅಂದಾಜು. ಎಲ್ಲರೂ ಹಾಗೇ ಮಾಡುತ್ತಾರೆ. ಟೆನಿಸ್ ಎಲ್ಬೋಗೆ ಅದಕ್ಕಿಂತ ಕೆಟ್ಟ ಹಿಡಿತ ಇಲ್ಲ. ಮೂಟೆಯನ್ನು ಮೊದಲು ನಿಮ್ಮ ಕಡೆಗೆ ವಾಲಿಸಿ. ಎರಡೂ ಕೈಗಳನ್ನು ಅಡಿಗೆ ತೂರಿಸಿ, ಅಂಗೈ ಮೇಲಕ್ಕೆ ಇರಲಿ. ಎದೆಗೆ ಅಪ್ಪಿಕೊಂಡು, ಮೊಣಕೈ ಮಡಚಿ, ಮಂಡಿ ಬಗ್ಗಿಸಿ ಏಳಿ. ಆಗ ಭಾರ ಹೊರುವುದು ತೋಳಿನ ಮುಂಭಾಗದ ಸ್ನಾಯು, ಎದೆ ಮತ್ತು ಕಾಲು, ನೋವಿರುವ ಜಾಗಕ್ಕೆ ಬೀಳುವುದು ಬಹಳ ಕಡಿಮೆ. ನೆಲದ ಮೇಲಿರುವ ಅಟ್ಟಿಯನ್ನು ಮರದ ಹಲಗೆ ಕೊಟ್ಟು ತೊಡೆಯ ಎತ್ತರಕ್ಕೆ ತಂದರೆ ಇನ್ನೂ ಸುಲಭ. ಶಟರ್ ಎತ್ತುವಾಗಲೂ ಅಷ್ಟೇ, ಅಂಗೈ ಮೇಲೆ ಮಾಡಿ ಎತ್ತಿ. ಸ್ಕೂಟರಿನಿಂದ ಲ್ಯಾಪ್‌ಟಾಪ್ ಬ್ಯಾಗ್ ಇಳಿಸುವಾಗ ಕೈ ಚಾಚಿ ಎತ್ತಬೇಡಿ, ಹೆಗಲಿಗೆ ಹಾಕಿಕೊಂಡೇ ಇಳಿಯಿರಿ.

ಮೊದಲ ಎಂಟು ವಾರ ಲಾರಿಯಿಂದ ಇಳಿಸುವ ಕೆಲಸ ನೀವು ಮಾಡಬೇಡಿ. ಹಮಾಲಿ ಕೂಲಿ ಕೊಟ್ಟುಬಿಡಿ, ಇಂಜೆಕ್ಷನ್ ಮತ್ತು ಓಡಾಟಕ್ಕೆ ಹೋಗುವ ದುಡ್ಡಿನ ಮುಂದೆ ಅದು ದೊಡ್ಡದಲ್ಲ. ಗಿರಾಕಿಗೆ ಒಂದೆರಡು ಮೂಟೆ ಕೊಡಬೇಕಾದರೆ ಅಪ್ಪಿ ಎತ್ತಿ, ಅಥವಾ ಟ್ರಾಲಿಯಲ್ಲಿ ತಳ್ಳಿ. ಇನ್ನೊಂದು ಮಾತು: ಸ್ಟಾಕ್ ಬರುವ ದಿನವನ್ನು 11 ಮತ್ತು 20ರ ಆಸುಪಾಸಿನಿಂದ ದೂರ ಹಾಕಿ. ಸರಬರಾಜಿನವರಿಗೆ ಒಂದು ಫೋನ್ ಮಾಡಿದರೆ ಆಗುವ ಕೆಲಸ.

ಪೂರ್ತಿ ರೆಸ್ಟ್ ಮಾಡಿದರೆ ವಾಸಿಯಾಗುತ್ತದೆ ಅನ್ನೋದು ಜನ ತುಂಬಾ ನಂಬಿರುವ ಮಾತು. ರೆಸ್ಟ್ ಮಾಡಿದಾಗ ನೋವು ಇಳಿಯುವುದು ನಿಜ. ಆದರೆ ಆ ಮೂರು ವಾರದಲ್ಲಿ ಟೆಂಡನ್‌ನ ತಾಕತ್ತೂ ಇಳಿದಿರುತ್ತದೆ. ಮೊದಲೇ 26 ಕೆಜಿ ತಡೆಯದಿದ್ದದ್ದು ಈಗ 15ನ್ನೂ ತಡೆಯುವುದಿಲ್ಲ. ಮೂಟೆ ಮುಟ್ಟಿದ ದಿನವೇ ನೋವು ಮರಳಿದ್ದು ಅದಕ್ಕೇ. ಟೆಂಡನ್‌ಗೆ ಭಾರ ಬೇಕು, ಅಳತೆಯಲ್ಲಿ ಬೇಕು.

ಅಳತೆ ಮಾಡಲು ನಿಮ್ಮ ಅಂಗಡಿಯ ತಕ್ಕಡಿ ಇದೆ. ಡಂಬೆಲ್ ಕೊಳ್ಳಬೇಡಿ. ಗಟ್ಟಿ ಬಟ್ಟೆಯ ಕೈಚೀಲವೊಂದಕ್ಕೆ ಸರಿಯಾಗಿ 1 ಕೆಜಿ ಬೇಳೆ ತೂಗಿ ಹಾಕಿ. ಹಿಡಿಗೆ ಸಣ್ಣ ಟವೆಲ್ ಸುತ್ತಿ, ತೆಳ್ಳಗಿನ ಹಿಡಿಗೆ ಮುಷ್ಟಿ ಜಾಸ್ತಿ ಬಿಗಿಯಬೇಕಾಗುತ್ತದೆ.

ಮೊದಲ ಎರಡು ವಾರ ಬರೀ ಹಿಡಿದು ನಿಲ್ಲಿಸುವುದು. ಕುರ್ಚಿಯಲ್ಲಿ ಕೂತು, ಮೊಣಕೈ ಮಡಚಿ, ಮುಂಗೈಯನ್ನು ಮೇಜಿನ ಮೇಲಿಡಿ. ಅಂಗೈ ಕೆಳಗೆ, ಹಸ್ತ ಮಾತ್ರ ಅಂಚಿನಿಂದ ಆಚೆ. ಚೀಲ ಹಿಡಿದು ಮಣಿಕಟ್ಟನ್ನು ಮುಂಗೈ ನೇರಕ್ಕೆ ತನ್ನಿ, ಅಲ್ಲೇ 30ರಿಂದ 45 ಸೆಕೆಂಡ್ ನಿಲ್ಲಿಸಿ. ಎಡಗೈಯಿಂದ ಚೀಲ ತೆಗೆದುಬಿಡಿ, ಒಂದೆರಡು ನಿಮಿಷ ಬಿಡುವು. ಹೀಗೆ ಐದು ಸಲ, ದಿನಕ್ಕೆ ಒಂದು ಅಥವಾ ಎರಡು ಹೊತ್ತು. ಕೆಲವರಿಗೆ ಇದು ಮುಗಿದ ಮೇಲೆ ಒಂದೆರಡು ತಾಸು ನೋವು ಕಡಿಮೆಯೂ ಆಗುತ್ತದೆ.

ಇಲ್ಲಿ ಒಂದು ನಿಯಮ ಬೇಕು, ಯಾಕೆಂದರೆ ನೋವು ಸ್ವಲ್ಪ ಬಂದೇ ಬರುತ್ತದೆ. ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ತಡೆಯಲಾಗದು ಅಂತಿಟ್ಟುಕೊಳ್ಳಿ. ವ್ಯಾಯಾಮದ ವೇಳೆ 3ರವರೆಗೆ ಪರವಾಗಿಲ್ಲ. ನಿಜವಾದ ಲೆಕ್ಕ ಮರುದಿನ ಬೆಳಿಗ್ಗೆ. ಹಲ್ಲುಜ್ಜುವ ಮುಂಚೆ ತುಂಬಿದ ನೀರಿನ ಚೊಂಬನ್ನು ಅಂಗೈ ಕೆಳಗೆ ಮಾಡಿ, ಬಾಯಂಚು ಹಿಡಿದು ಎತ್ತಿ ನೋಡಿ. ನಿನ್ನೆಯಷ್ಟೇ ಅಥವಾ ಕಡಿಮೆ ನೋವಾದರೆ ಮುಂದುವರಿಯಿರಿ. ಜಾಸ್ತಿ ಆಗಿದ್ದರೆ ನಿನ್ನೆಯ ಭಾರ ಹೆಚ್ಚಾಯಿತು ಅಂತ ಅರ್ಥ, ಕಾಲು ಕೆಜಿ ಇಳಿಸಿ. ನಿಲ್ಲಿಸಬೇಡಿ. ಮಾಡುವ ಹೊತ್ತಿನಲ್ಲಿ ಆರಾಮಾಗಿದ್ದು ಮರುದಿನ ಕೈಕೊಡುವುದು ಟೆಂಡನ್‌ನ ಗುಣ. ಅದಕ್ಕೇ ಆ ಕ್ಷಣದ ನೋವನ್ನು ಮಾತ್ರ ನಂಬಿದರೆ ದಾರಿ ತಪ್ಪುತ್ತದೆ.

ಮೂರನೇ ವಾರದಿಂದ ಅದೇ ಭಂಗಿಯಲ್ಲಿ ಹಸ್ತ ಮೇಲೆ ಕೆಳಗೆ ಮಾಡುವುದು. ಮೂರು ಎಣಿಸುವಷ್ಟು ಹೊತ್ತು ಮೇಲೆ, ನಾಲ್ಕು ಎಣಿಸುವಷ್ಟು ಹೊತ್ತು ಕೆಳಗೆ. ಇಳಿಸುವುದರಲ್ಲಿ ಅವಸರ ಮಾಡುವವರೇ ಹೆಚ್ಚು, ಚೀಲ ದೊಪ್ಪನೆ ಬೀಳುತ್ತದೆ. ಹಾಗಾದರೆ ವ್ಯಾಯಾಮ ಅರ್ಧವೇ ಆದಂತೆ. ಹತ್ತು ಸಲಕ್ಕೆ ಒಂದು ಸುತ್ತು, ಅಂಥ ಮೂರು ಸುತ್ತು, ದಿನ ಬಿಟ್ಟು ದಿನ. ಭಾರ ಕೊಟ್ಟ ಮೇಲೆ ಟೆಂಡನ್ ತನ್ನನ್ನು ತಾನೇ ಕಟ್ಟಿಕೊಳ್ಳಲು ಒಂದೆರಡು ದಿನ ಬೇಕು, ದಿನಾ ಮಾಡಿದರೆ ಆ ಅವಕಾಶ ಸಿಗುವುದಿಲ್ಲ. ಮೂರೂ ಸುತ್ತಿನಲ್ಲಿ 15 ಸಲ ಆರಾಮಾಗಿ ಆಗತೊಡಗಿತೋ, ಕಾಲು ಕೆಜಿ ಬೇಳೆ ಸೇರಿಸಿ ಮತ್ತೆ 10ರಿಂದ ಶುರು. ನಿಮ್ಮ ಮೈಕಟ್ಟಿನವರು ಎಂಟನೇ ವಾರದ ಹೊತ್ತಿಗೆ ಎರಡೂವರೆ, ಮೂರು ಕೆಜಿ ಮುಟ್ಟುವುದನ್ನು ನಾನು ನೋಡುತ್ತಿರುತ್ತೇನೆ. ಆರನೇ ವಾರದ ನಂತರ ಮೊಣಕೈಯನ್ನು ಸ್ವಲ್ಪ ಸ್ವಲ್ಪವೇ ನೇರ ಮಾಡುತ್ತಾ ಬನ್ನಿ. ಕೊನೆಗೆ ಕೈ ಪೂರ್ತಿ ಚಾಚಿಯೂ ಆಗಬೇಕು, ಏಕೆಂದರೆ ಅಂಗಡಿಯ ಕೆಲಸ ಯಾವಾಗಲೂ ಮೊಣಕೈ ಮಡಚಿದ್ದಾಗಲೇ ಬರುವುದಿಲ್ಲ.

ಇದರ ಜೊತೆಗೆ ಮೊಳೆ ಹೊಡೆಯುವ ಸುತ್ತಿಗೆಯೊಂದು ಇದ್ದರೆ ಸಾಕು. ಹಿಡಿಯ ತುದಿ ಹಿಡಿದು, ಮುಂಗೈಯನ್ನು ತೊಡೆಯ ಮೇಲಿಟ್ಟು, ಸುತ್ತಿಗೆಯ ತಲೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ವಾಲಿಸಿ. ಭಾರ ಜಾಸ್ತಿ ಅನಿಸಿದರೆ ಹಿಡಿತವನ್ನು ತಲೆಯ ಹತ್ತಿರಕ್ಕೆ ತನ್ನಿ. ಮೆತ್ತನೆಯ ಸ್ಮೈಲಿ ಬಾಲ್ ಹಿಸುಕುವುದನ್ನು ಮಾತ್ರ ಶುರುವಿನಲ್ಲಿ ಮಾಡಬೇಡಿ. ಎಲ್ಲರೂ ಅದನ್ನೇ ಹೇಳಿಕೊಡುತ್ತಾರೆ. ಆದರೆ ಮುಷ್ಟಿ ಬಿಗಿದರೆ ಎಲ್ಲಿ ಎಳೆಯುತ್ತದೆ ಅಂತ ನೀವೇ ಕೈ ಹಿಡಿದು ನೋಡಿದಿರಲ್ಲ. ನೂರಾರು ಸಲ ಹಿಸುಕಿ ನೋವು ಹೆಚ್ಚಿಸಿಕೊಂಡು ಬರುವವರು ನನ್ನಲ್ಲಿಗೆ ಬರುತ್ತಲೇ ಇರುತ್ತಾರೆ.

ಎಂಟನೇ ವಾರ ದಾಟಿ, ಬೆಳಗಿನ ಚೊಂಬು ನೋವಿಲ್ಲದೆ ಎತ್ತುವಂತಾದ ಮೇಲೆ ಮೂಟೆಗೆ ಬನ್ನಿ. ಮೊದಲು 5 ಕೆಜಿ ಚೀಲ ಪಕ್ಕದಲ್ಲಿ ಹಿಡಿದು ಅರ್ಧ ನಿಮಿಷ ನಡೆಯಿರಿ, ಮೂರು ಸಲ. ಎರಡು ಮೂರು ದಿನಕ್ಕೊಮ್ಮೆ ಹೆಚ್ಚಿಸುತ್ತಾ 10 ಕೆಜಿಗೆ ಬನ್ನಿ. ನಂತರದ ವಾರ ಇಳಿಸುವ ದಿನ ನಾಲ್ಕು ಮೂಟೆ ನಿಮ್ಮದು, ಉಳಿದದ್ದು ಹಮಾಲಿಯದು. ಮರುದಿನ ಬೆಳಿಗ್ಗೆ ಚೊಂಬು ಒಪ್ಪಿದರೆ ಮುಂದಿನ ವಾರ ಎಂಟು. ಮೂಟೆ ಎತ್ತುವ ದಿನ ಬೇಳೆ ಚೀಲದ ವ್ಯಾಯಾಮ ಬೇಡ, ಎರಡೂ ಒಂದೇ ಲೆಕ್ಕಕ್ಕೆ ಸೇರುತ್ತವೆ.

ಮಧ್ಯೆ ಒಂದು ದಿನ ಎಡವಟ್ಟಾಗಿ ನೋವು ಆರೇಳಕ್ಕೆ ಹೋದರೆ ಎಲ್ಲ ಹಾಳಾಯಿತು ಅಂದುಕೊಳ್ಳಬೇಡಿ. ಎರಡು ದಿನ ಬರೀ ಹಿಡಿದು ನಿಲ್ಲಿಸುವ ವ್ಯಾಯಾಮಕ್ಕೆ ಇಳಿಯಿರಿ, ಆಮೇಲೆ ಹಿಂದಿನ ವಾರದ ಭಾರದಿಂದ ಮುಂದುವರಿಸಿ. ಅಂಥ ದಿನಗಳಲ್ಲಿ ಡೈಕ್ಲೋಫೆನಾಕ್ ಜೆಲ್ ಹಚ್ಚಬಹುದು. ನೋವಿನ ಮಾತ್ರೆಯನ್ನು ಮಾತ್ರ ವಾರಗಟ್ಟಲೆ ನೀವಾಗಿಯೇ ನುಂಗಬೇಡಿ, ಶುಗರ್ ಇರುವವರ ಕಿಡ್ನಿಗೆ ಒಳ್ಳೆಯದಲ್ಲ. ಯಾರೋ ನರ ಸರಿದಿದೆ ಅಂತ ಎಣ್ಣೆ ಹಚ್ಚಿ, ಮೊಣಕೈ ಹಿಡಿದು ಜಗ್ಗುತ್ತಾರೆ ಅಂದರೆ ಹೋಗಬೇಡಿ. ಇಲ್ಲಿ ಯಾವ ನರವೂ ಸರಿದಿಲ್ಲ.

ಬ್ಯಾಂಡೇಜ್ ವಿಷಯ. ಮೊಣಕೈ ಮೇಲೆ ಸುತ್ತುವ ಕ್ರೇಪ್ ಬ್ಯಾಂಡೇಜಿನಿಂದ ಹೆಚ್ಚೇನೂ ಉಪಯೋಗವಿಲ್ಲ. ಟೆನಿಸ್ ಎಲ್ಬೋ ಬೆಲ್ಟ್ ಅಂತ ಮೆಡಿಕಲ್ ಶಾಪಿನಲ್ಲಿ ಸಿಗುವುದು ಬೇರೆ. ಅದನ್ನು ಗುಬುಟಿನ ಮೇಲೆ ಕಟ್ಟಬಾರದು, ಎರಡು ಬೆರಳು ಕೆಳಗೆ, ಮಾಂಸಖಂಡದ ಮೇಲೆ ಕಟ್ಟಬೇಕು. ಮೂಟೆ ಅಥವಾ ಶಟರ್ ಎತ್ತುವ ಹೊತ್ತಿಗೆ ಮಾತ್ರ ಹಾಕಿ, ಉಳಿದ ಹೊತ್ತು ತೆಗೆದಿಡಿ. ಕೆಲವರಿಗೆ ಆ ಕ್ಷಣದ ನೋವು ಕಡಿಮೆ ಮಾಡುತ್ತದೆ, ರೋಗ ವಾಸಿ ಮಾಡುವುದಿಲ್ಲ. ಬೆರಳು ಜುಮ್ಮೆಂದರೆ ತುಂಬಾ ಬಿಗಿಯಾಗಿದೆ ಅಂತ ತಿಳಿಯಿರಿ.

ಇನ್ನು ಇಂಜೆಕ್ಷನ್. ನಿಮಗೆ ಹೇಳಿರುವುದು ಸ್ಟೀರಾಯ್ಡ್ ಇರಬೇಕು, ಕೇಳಿ ಖಚಿತ ಮಾಡಿಕೊಳ್ಳಿ. ಅದು ಕೆಲಸ ಮಾಡುವುದಿಲ್ಲ ಅಂತಲ್ಲ. ಮೊದಲ ಒಂದೂವರೆ ತಿಂಗಳು ಬೇರೆಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ತೊಂದರೆ ಆಮೇಲೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 165 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರಿಗೆ ಸ್ಟೀರಾಯ್ಡ್, ಕೆಲವರಿಗೆ ಔಷಧವಿಲ್ಲದ ಇಂಜೆಕ್ಷನ್ ಕೊಟ್ಟು ಒಂದು ವರ್ಷ ಗಮನಿಸಿದರು. ಸ್ಟೀರಾಯ್ಡ್ ಪಡೆದವರಲ್ಲಿ ಶೇ 54 ಮಂದಿಗೆ ನೋವು ಮರುಕಳಿಸಿತು. ಇನ್ನೊಂದು ಗುಂಪಿನಲ್ಲಿ ಅದು ಶೇ 12 ಮಾತ್ರ. ನೋವು ಹೋದ ಖುಷಿಯಲ್ಲಿ ಜನ ಮತ್ತೆ ಪೂರ್ತಿ ಭಾರಕ್ಕೆ ಕೈ ಹಾಕುತ್ತಾರೆ, ಟೆಂಡನ್ ಇನ್ನೂ ತಯಾರಾಗಿರುವುದಿಲ್ಲ, ಇದು ಒಂದು ಕಾರಣ ಇರಬಹುದು ಅಂತ ನನಗನಿಸುತ್ತದೆ. ಚುಚ್ಚಿದ ಜಾಗದ ಚರ್ಮ ಬೆಳ್ಳಗಾಗುವುದು, ಗುಳಿ ಬೀಳುವುದೂ ಉಂಟು. ನಿಮಗೆ ಕೆಲವು ದಿನ ಶುಗರ್ ಏರುತ್ತದೆ. ರಾತ್ರಿ ನಿದ್ದೆಯೇ ಬಾರದಷ್ಟು ನೋವಿದ್ದು, ಯಾವ ವ್ಯಾಯಾಮವನ್ನೂ ಶುರು ಮಾಡಲಾಗದವರಿಗೆ ಒಂದು ಸಲ ಕೊಡುವುದನ್ನು ನಾನು ವಿರೋಧಿಸುವುದಿಲ್ಲ. ನೀವು ಆ ಸ್ಥಿತಿಯಲ್ಲಿಲ್ಲ. ಮೂರು ನಾಲ್ಕು ಸಲ ಚುಚ್ಚಿಸಿಕೊಳ್ಳುವುದಂತೂ ಯಾರಿಗೂ ಬೇಡ.

ಪಿಆರ್‌ಪಿ ಅಂತ ನಿಮ್ಮದೇ ರಕ್ತದಿಂದ ಮಾಡಿ ಚುಚ್ಚುವ ಇನ್ನೊಂದಿದೆ. ಸಾವಿರಾರು ರೂಪಾಯಿ ಖರ್ಚು. ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ ಸುಳ್ಳು ಇಂಜೆಕ್ಷನ್‌ಗಿಂತ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ. ಆಪರೇಷನ್ ಮಾತು ಬರುವುದು ಆರು ತಿಂಗಳಿಂದ ಒಂದು ವರ್ಷ ಸರಿಯಾಗಿ ವ್ಯಾಯಾಮ ಮಾಡಿಯೂ ಕೆಲಸ ಮಾಡಲಾಗದಿದ್ದರೆ ಮಾತ್ರ. ಅಲ್ಲಿಗೆ ಹೋಗುವವರು ಕೆಲವೇ ಮಂದಿ, ಏಕೆಂದರೆ ಹತ್ತರಲ್ಲಿ ಎಂಟೊಂಬತ್ತು ಜನರಿಗೆ ವರ್ಷದೊಳಗೆ ಇದು ತಹಬಂದಿಗೆ ಬರುತ್ತದೆ.

ಕೆಲವು ಲಕ್ಷಣ ಕಂಡರೆ ಇದನ್ನೆಲ್ಲ ಬದಿಗಿಟ್ಟು ಮೂಳೆ ಡಾಕ್ಟರನ್ನು ನೋಡಿ. ಬೆರಳುಗಳಲ್ಲಿ ಜುಮುಜುಮು ಇದ್ದು ಕತ್ತು ತಿರುಗಿಸಿದಾಗ ಹೆಚ್ಚಾದರೆ ಮೂಲ ಕತ್ತಿನಲ್ಲಿರಬಹುದು. ನೋವು ಗುಬುಟಿಗಿಂತ ನಾಲ್ಕು ಬೆರಳು ಕೆಳಗೆ ಇದ್ದು ಬೆರಳುಗಳನ್ನು ಮೇಲಕ್ಕೆತ್ತಲು ಶಕ್ತಿಯೇ ಸಾಲದಿದ್ದರೆ ಅಲ್ಲಿ ಹಾದುಹೋಗುವ ನರ ಒತ್ತಿರಬಹುದು. ಮೊಣಕೈ ಊದಿ, ಕೆಂಪಾಗಿ, ಜ್ವರ ಬಂದರೆ ಅದೇ ದಿನ ಹೋಗಿ. ಕೈ ನೇರ ಮಾಡುವಾಗ ಮಧ್ಯದಲ್ಲಿ ಸಿಕ್ಕಿಕೊಂಡರೆ ಅಥವಾ ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವಾದರೂ ತೋರಿಸಿ.

ಇವ್ಯಾವೂ ಇಲ್ಲದಿದ್ದರೆ ಬೇಳೆ ಚೀಲದಿಂದ ಶುರು ಮಾಡಿ. ಮೊದಲ ಮೂರು ವಾರ ದೊಡ್ಡ ಬದಲಾವಣೆ ಕಾಣುವುದಿಲ್ಲ, ಹೆಚ್ಚಿನವರು ಬಿಟ್ಟುಬಿಡುವುದು ಆಗಲೇ. ಆರನೇ ವಾರಕ್ಕೆ ಟೀ ಲೋಟ ಎತ್ತುವುದು ಹಗುರಾಗಬೇಕು. 12 ವಾರ ಸರಿಯಾಗಿ ಮಾಡಿಯೂ ಚೊಂಬಿನ ನೋವು ಇದ್ದಷ್ಟೇ ಇದ್ದರೆ, ಯಾವ ವಾರ ಎಷ್ಟು ಕೆಜಿ, ಮರುದಿನ ಎಷ್ಟು ನೋವು ಅಂತ ಬರೆದಿಟ್ಟ ಚೀಟಿ ಹಿಡಿದುಕೊಂಡು ಹತ್ತಿರದ ಫಿಸಿಯೋ ಬಳಿ ಹೋಗಿ. ಆ ಚೀಟಿ ನೋಡಿದರೆ ಭಾರ ಕಡಿಮೆಯಾಯಿತೋ, ಜಾಸ್ತಿಯಾಯಿತೋ, ರೋಗವೇ ಬೇರೆಯೋ ಅಂತ ಹೇಳುವುದು ಅವರಿಗೆ ಸುಲಭ.